ಎಲ್ಲಿಂದ ಎಲ್ಲಿಗೆ ಬೇಗ?

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿರುವುದು ಮೂವತ್ತು ನಿಮಿಷ. ಹಿಂದಿನವರು ಅದರಲ್ಲಿ ಹತ್ತು ನಿಮಿಷ ತಿಂದಿದ್ದಾರೆ. ಹಾಗಾಗಿ ನಾನೂ ಬೇಗ ಮುಗಿಸಬೇಕು. ಬೇಗ ಅಂದರೆ ಏನು ಅನ್ನುವುದೇ ಇವತ್ತಿನ ತಕರಾರು.

ಬೆಳಿಗ್ಗೆ ನಮ್ಮ ಕೈಗೆ ಒಂದು ಕರಡು ಕೊಟ್ಟಿದ್ದೀರಿ. ಊರಿನ ಸಣ್ಣ ಕಾಮಗಾರಿಗಳ ಷರತ್ತುಗಳನ್ನು ಕನ್ನಡದಲ್ಲಿ ಬರೆಯುವ ಪ್ರಯತ್ನ. ಒಳ್ಳೆಯ ಕೆಲಸ. ಆದರೆ ಒಂದೇ ಪುಟದಲ್ಲಿ ‘ಶೀಘ್ರ’ ಮೂರು ಸಲ ಬಂದಿದೆ. ಇಂಗ್ಲಿಷ್ ಪ್ರತಿ ಪಕ್ಕದಲ್ಲಿಟ್ಟು ನೋಡಿದೆ. ಒಂದು ಕಡೆ ರ‍್ಯಾಪಿಡ್, ಇನ್ನೊಂದು ಕಡೆ ಕ್ವಿಕ್, ಮೂರನೆಯ ಕಡೆ ಪ್ರಾಂಪ್ಟ್. ಮೂರಕ್ಕೂ ಒಂದೇ ಶೀಘ್ರ. ಬರೆದವರನ್ನು ಬೈಯುವ ಹಕ್ಕು ನನಗಿಲ್ಲ. ಇದೇ ತಪ್ಪು ಮಾಡಿ ಒಂದು ಮೋರಿ ಒಡೆಸಿದವನು ನಾನು. ಆ ಕಥೆ ಹೇಳುತ್ತೇನೆ.

ಅದಕ್ಕೆ ಮುಂಚೆ ಒಂದು ಮಾತು. ಕನ್ನಡದಲ್ಲಿ ಬೇಗಕ್ಕೆ ಪದ ಇಲ್ಲ ಅಂತ ಯಾರೂ ಅಳಬೇಡಿ. ಸರಸರ ನಡೆಯುತ್ತೇವೆ, ಗಬಗಬ ತಿನ್ನುತ್ತೇವೆ, ಪಟಪಟ ಮಾತಾಡುತ್ತೇವೆ, ಚಕಚಕ ಕೆಲಸ ಮುಗಿಸುತ್ತೇವೆ. ಇವನ್ನು ಅದಲುಬದಲು ಮಾಡಿ ನೋಡಿ. ಗಬಗಬ ನಡೆದ ಅಂದರೆ ಮಕ್ಕಳೂ ನಗುತ್ತಾರೆ. ಕಾಲಿನ ಬೇಗ ಬೇರೆ, ಬಾಯಿಯ ಬೇಗ ಬೇರೆ, ಕೈಯ ಬೇಗ ಬೇರೆ ಅಂತ ನಮ್ಮ ಕಿವಿಗೆ ಗೊತ್ತು. ಕಥೆ ಬರೆಯುವವರು, ಪತ್ರ ಬರೆಯುವವರು ಇದನ್ನು ಧಾರಾಳವಾಗಿ ಬಳಸಲಿ. ಅಲ್ಲಿ ಅದೇ ಪದ ಮತ್ತೆ ಬಂದರೆ ಬೇಜಾರು, ಬದಲಿಸಿದರೆ ಚಂದ.

ಷರತ್ತು ಬರೆಯುವಾಗ ಇದೇ ತಿರುಗಾಮುರುಗಾ ಆಗುತ್ತದೆ. ಚಂದಕ್ಕೆ ಪದ ಬದಲಿಸಿದರೆ ಓದುವವನು ವಸ್ತುವೇ ಬದಲಾಯಿತು ಅಂದುಕೊಳ್ಳುತ್ತಾನೆ. ಅವನು ಅಂದುಕೊಳ್ಳುವುದು ಸರಿಯೇ.

ಈಗ ಮೋರಿ ಕಥೆ. ನಮ್ಮ ಪಕ್ಕದ ತೋಟದವರಿಗೆ ಲೈನ್ ಮನೆಗಳ ಹತ್ತಿರ ತೋಡು ದಾಟಲು ಒಂದು ಮೋರಿ ಬೇಕಿತ್ತು. ಹಳೆಯದು ಮಳೆಗಾಲದಲ್ಲಿ ಕೊಚ್ಚಿ ಹೋಗಿತ್ತು. ದೊಡ್ಡದೇನಲ್ಲ. ಎರಡು ಮೀಟರ್ ಅಂತರ, ಮೂರು ಮೀಟರ್ ಅಗಲ, ಇಪ್ಪತ್ತು ಸೆಂಟಿಮೀಟರ್ ದಪ್ಪದ ಸ್ಲ್ಯಾಬ್. ಲೆಕ್ಕ ಹಾಕಿದರೆ 1.2 ಘನ ಮೀಟರ್ ಕಾಂಕ್ರೀಟ್, ಸುಮಾರು ಎಂಟು ಮೂಟೆ ಸಿಮೆಂಟ್. ಅರೇಬಿಕಾ ಕೊಯ್ಲು ಶುರುವಾಗಿತ್ತು. ಕೊಯ್ದ ಹಣ್ಣನ್ನು ಅವತ್ತೇ ಪಲ್ಪಿಂಗ್ ಮಾಡಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಪಿಕಪ್ ಆ ಕಡೆಗೆ ಹೋಗಲೇಬೇಕು. ಅದಕ್ಕೇ ಅವಸರ.

ಅವರ ಅಳಿಯ ಎಂಜಿನಿಯರ್. ದೂರದ ಊರಿಂದ ಒಂದು ಚೀಟಿ ಕಳಿಸಿದ್ದ, ಇಂಗ್ಲಿಷಿನಲ್ಲಿ: ರ‍್ಯಾಪಿಡ್ ಹಾರ್ಡನಿಂಗ್ ಸಿಮೆಂಟ್ ಬಳಸಿ. ತೋಟದವರು ನನ್ನ ಹತ್ತಿರ ತಂದರು. “ನೀವು ಇಡೀ ಜೀವನ ಇದೇ ಕೆಲಸ ಮಾಡಿದ್ದೀರಲ್ಲ, ಮೇಸ್ತ್ರಿಗೆ ಅರ್ಥ ಆಗುವ ಹಾಗೆ ಕನ್ನಡದಲ್ಲಿ ಬರೆದುಕೊಡಿ” ಅಂದರು. ನಾನು ಕಾಫಿ ಕುಡಿಯುತ್ತಾ ಬರೆದುಕೊಟ್ಟೆ: ‘ಬೇಗ ಸೆಟ್ ಆಗುವ ಸಿಮೆಂಟ್.’ ಮೂವತ್ತು ವರ್ಷ ಅಳತೆ ಪುಸ್ತಕ ಬರೆದವನು ಬರೆದದ್ದು ಅದು!

ಮೇಸ್ತ್ರಿ ಆ ಚೀಟಿ ಹಿಡಿದು ಅಂಗಡಿಗೆ ಹೋದ. ಅಂಗಡಿಯವರು ಚೀಟಿಯಲ್ಲಿದ್ದದ್ದನ್ನೇ ಕೊಟ್ಟರು. ಸೋರುವ ನೀರಿನ ಟ್ಯಾಂಕಿಗೆ ಒತ್ತುವ ಪುಡಿ ಇದೆಯಲ್ಲ, ಅದು. ಪ್ಯಾಕೆಟ್ ಮೇಲೆ ಮೂರರಿಂದ ಐದು ನಿಮಿಷ ಅಂತ ಬರೆದಿತ್ತು. ಮಾಮೂಲಿ ಸಿಮೆಂಟಿಗೆ ಅದನ್ನು ಬೆರೆಸಿ ಕಲಸಿದರು. ಬಾಂಡ್ಲಿ ಕೈಯಿಂದ ಕೈಗೆ ದಾಟಿ ಸೆಂಟ್ರಿಂಗ್ ತಲುಪುವಷ್ಟರಲ್ಲಿ ಕಾಂಕ್ರೀಟ್ ಉಪ್ಪಿಟ್ಟು. ಮೇಸ್ತ್ರಿ ಏನು ಮಾಡಿದ? ಎಲ್ಲರೂ ಮಾಡುವುದನ್ನೇ ಮಾಡಿದ. ಮೇಲಿಂದ ನೀರು ಹಾಕಿ ಮತ್ತೆ ಕಲಸಿದ. ಸೆಟ್ ಆಗಲು ಶುರುವಾದ ಸಿಮೆಂಟಿಗೆ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಆಗಲೇ ಕಟ್ಟಿಕೊಂಡ ಬಂಧ ಮುರಿಯುತ್ತದೆ, ಜಾಸ್ತಿಯಾದ ನೀರು ಒಣಗಿ ತೂತು ಬಿಡುತ್ತದೆ.

ಮೇಲೆ ಕರಣೆ ಎಳೆದ ಮೇಲೆ ಸ್ಲ್ಯಾಬ್ ಕನ್ನಡಿ ಹಾಗಿತ್ತು. ಏಳನೇ ದಿನ ಕೆಳಗಿನ ಹಲಗೆ ಬಿಚ್ಚಿದಾಗ ಅದರ ಹೊಟ್ಟೆ ಕಂಡಿತು. ಜಲ್ಲಿ ಹಲ್ಲು ಕಿರಿದು ನಿಂತಿದೆ, ಜೇನುಗೂಡಿನ ಹಾಗೆ. ಒಂದು ಬಾಂಡ್ಲಿಯ ಕಾಂಕ್ರೀಟಿಗೂ ಇನ್ನೊಂದರದ್ದಕ್ಕೂ ನಡುವೆ ಗೆರೆ. ಹಾರೆಯಿಂದ ತಟ್ಟಿದರೆ ಗಟ್ಟಿ ಕಾಂಕ್ರೀಟಿನ ಠಣ್ ಇಲ್ಲ, ಪೊಳ್ಳು ಸದ್ದು. ಒಡೆಯದೆ ಬೇರೆ ದಾರಿ ಇರಲಿಲ್ಲ. ಇನ್ನೂ ಮೂರು ವಾರ ಹಣ್ಣಿನ ಚೀಲ ತಲೆ ಮೇಲೆ ಹೊತ್ತು, ಹಲಗೆ ಮೇಲೆ ತೋಡು ದಾಟಿಸಿದರು. ತೋಟದವರು ಇವತ್ತಿಗೂ ನನ್ನನ್ನು ಕಂಡರೆ “ಏನ್ರೀ, ಬೇಗ ಸೆಟ್ ಆದ್ರಾ?” ಅಂತ ಕೇಳುತ್ತಾರೆ.

ಎಲ್ಲಿ ಎಡವಿದೆ? ಸಿಮೆಂಟಿಗೆ ಎರಡು ಗಡಿಯಾರ ಇವೆ. ಒಂದು ಸೆಟ್ ಆಗುವುದು, ಅಂದರೆ ಮೆತ್ತಗಿನ ಮುದ್ದೆ ಬಿಗಿಯಾಗುವುದು. ಇನ್ನೊಂದು ಗಟ್ಟಿಯಾಗುವುದು, ಅಂದರೆ ಭಾರ ಹೊರುವ ಶಕ್ತಿ ಬರುವುದು. ಒಂದು ಓಡಿದರೆ ಇನ್ನೊಂದೂ ಓಡಬೇಕು ಅಂತೇನಿಲ್ಲ.

ಮೊದಲನೆಯದನ್ನು ಅಳೆಯಲು ವಿಕಾಟ್ ಅನ್ನುವ ಸಣ್ಣ ಉಪಕರಣ ಇದೆ. ನಲವತ್ತು ಮಿಲಿಮೀಟರ್ ಆಳದ ಅಚ್ಚಿನಲ್ಲಿ ಸಿಮೆಂಟ್ ಮುದ್ದೆ ತುಂಬಿ ಮೇಲಿಂದ ಸೂಜಿ ಬಿಡುತ್ತಾರೆ. ಮೊದಮೊದಲು ಸೂಜಿ ಸೀದಾ ತಳ ಮುಟ್ಟುತ್ತದೆ. ತಳಕ್ಕೆ ಇನ್ನೂ ಐದು ಮಿಲಿಮೀಟರ್ ಇರುವಾಗ ನಿಂತುಬಿಟ್ಟರೆ ಸೆಟ್ ಶುರುವಾಯಿತು ಅಂತ ಅರ್ಥ. ಗಡಿಯಾರ ಹೊರಡುವುದು ಸಿಮೆಂಟಿಗೆ ನೀರು ಸೇರಿಸಿದ ಕ್ಷಣದಿಂದ. ನೋಡಿ, ಎಷ್ಟು ಚೊಕ್ಕವಾಗಿದೆ. ನಮ್ಮ ಬಸ್ ಕಂಡಕ್ಟರ್ ಕೇಳುತ್ತಾರಲ್ಲ, “ಎಲ್ಲಿಂದ ಎಲ್ಲಿಗೆ?” ಅಂತ. ನೀರು ಹಾಕಿದಲ್ಲಿಂದ ಸೂಜಿ ನಿಲ್ಲುವಲ್ಲಿಗೆ. ಎರಡು ಸ್ಟಾಪ್ ಹೇಳದೆ ಸುಮ್ನೆ ‘ಬೇಗ ಕೊಡಿ’ ಅಂದರೆ ಯಾವ ಕಂಡಕ್ಟರ್ ಟಿಕೆಟ್ ಹರಿಯುತ್ತಾರೆ?

ಈಗ ನನಗೇ ಮೊದಲು ಆಶ್ಚರ್ಯ ಆದ ವಿಷಯ. ರ‍್ಯಾಪಿಡ್ ಹಾರ್ಡನಿಂಗ್ ಸಿಮೆಂಟಿಗೆ ನಮ್ಮ ದೇಶದ ಮಾನದಂಡ ಐಎಸ್ 8041. ಸೆಟ್ ಶುರುವಾಗಲು ಕನಿಷ್ಠ 30 ನಿಮಿಷ ಬೇಕು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಬೇಕು ಅಂತ ಅದರಲ್ಲಿದೆ. ಮಾಮೂಲಿ ಸಿಮೆಂಟಿಗೂ ಇದೇ 30, ಇದೇ 600! ಅಂದರೆ ಸೆಟ್ ಆಗುವ ವಿಷಯದಲ್ಲಿ ಅದಕ್ಕೆ ಯಾವ ಅವಸರವೂ ಇಲ್ಲ. ಅವಸರ ಇರುವುದು ಎರಡನೆಯ ಗಡಿಯಾರದಲ್ಲಿ. ಮರಳು ಬೆರೆಸಿ ಮಾಡಿದ ಪರೀಕ್ಷೆಯ ಘನವನ್ನು ಒತ್ತಿ ನೋಡಿದರೆ, ಒಂದೇ ದಿನಕ್ಕೆ 16 ಎಂಪಿಎ ಶಕ್ತಿ ಬರಬೇಕು, ಅಂದರೆ ಚದರ ಮಿಲಿಮೀಟರಿಗೆ 16 ನ್ಯೂಟನ್ ಒತ್ತಿದರೂ ತಡೆಯಬೇಕು. 33 ಗ್ರೇಡಿನ ಮಾಮೂಲಿ ಸಿಮೆಂಟಿಗೆ ಅದೇ 16 ಬರಲು ಮೂರು ದಿನ ಕೊಟ್ಟಿದ್ದಾರೆ. ರ‍್ಯಾಪಿಡ್ ಹಾರ್ಡನಿಂಗ್ ಸಿಮೆಂಟನ್ನು ಹೆಚ್ಚು ನುಣ್ಣಗೆ ಬೀಸುತ್ತಾರೆ, ಅದಕ್ಕೇ ಈ ಚುರುಕು. ಕಾಫಿ ಪುಡಿ ನುಣ್ಣಗಿದ್ದರೆ ಡಿಕಾಕ್ಷನ್ ಬೇಗ ಗಾಢವಾಗುತ್ತದಲ್ವಾ, ಹಾಗೆ. ನೀರು ಮುಟ್ಟುವ ಮೈ ಜಾಸ್ತಿ.

ಕ್ವಿಕ್ ಸೆಟ್ಟಿಂಗ್ ಸಿಮೆಂಟ್ ಬೇರೆಯೇ ಜಾತಿ. ಮಾಮೂಲಿ ಸಿಮೆಂಟಿನಲ್ಲಿ ಜಿಪ್ಸಮ್ ಇರುತ್ತದೆ, ಸೆಟ್ ಆಗುವುದನ್ನು ತಡೆದು ನಮಗೆ ಕಲಸಲು, ಸುರಿಯಲು ಸಮಯ ಕೊಡುವುದು ಅದು. ಇದರಲ್ಲಿ ಆ ಜಿಪ್ಸಮ್ ಕಡಿಮೆ ಮಾಡುತ್ತಾರೆ. ಐದು ನಿಮಿಷಕ್ಕೆ ಬಿಗಿಯಲು ಶುರು, ಅರ್ಧ ಗಂಟೆಯಲ್ಲಿ ಪೂರ್ತಿ ಸೆಟ್. ನೀರಿನೊಳಗೆ, ಸಿಮೆಂಟ್ ಕೊಚ್ಚಿ ಹೋಗುವ ಜಾಗದಲ್ಲಿ ಅದು ಬೇಕು. ಅರ್ಧ ಗಂಟೆಯಲ್ಲಿ ಸೆಟ್ ಆಯಿತು ಅಂತ ಅದರ ಮೇಲೆ ಪಿಕಪ್ ಹತ್ತಿಸಲು ಆಗುವುದಿಲ್ಲ. ಬಿಗಿದಿದೆ, ಬಲ ಬಂದಿಲ್ಲ.

ರ‍್ಯಾಪಿಡ್ ಮತ್ತು ಕ್ವಿಕ್ ನಿಘಂಟಿನಲ್ಲಿ ಅಕ್ಕತಂಗಿಯರು. ಇಲ್ಲಿ ಒಂದು ಶಕ್ತಿಯ ಹೆಸರು, ಇನ್ನೊಂದು ಬಿಗಿತದ ಹೆಸರು. ನನ್ನ ಚೀಟಿ ಒಂದನ್ನು ಕರೆದು ಇನ್ನೊಂದನ್ನು ಬರಮಾಡಿಕೊಂಡಿತು.

ಹಾಗಾದರೆ ಚೀಟಿಯಲ್ಲಿ ಏನು ಬರೆಯಬೇಕಿತ್ತು? ರ‍್ಯಾಪಿಡ್ ಹಾರ್ಡನಿಂಗ್ ಅಂತ ಕನ್ನಡ ಅಕ್ಷರದಲ್ಲಿ ಹಾಗೇ ಬರೆದು, ಮೂಟೆ ಮೇಲೆ ಐಎಸ್ 8041 ಇದೆಯಾ ನೋಡಿ ತನ್ನಿ ಅಂದಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಅರ್ಧ ಮಾತ್ರ. ಯಾಕೆಂದರೆ ಆ 16 ಎಂಪಿಎ ಪ್ರಯೋಗಾಲಯದ ಲೆಕ್ಕ, ಸುಮಾರು 27 ಡಿಗ್ರಿ ಬೆಚ್ಚಗಿನ ಕೋಣೆಯದ್ದು. ನಮ್ಮ ಜನವರಿ ರಾತ್ರಿ ತೋಡಿನ ಬದಿಯಲ್ಲಿ ನಿಂತಿದ್ದೀರಾ? ಅಲ್ಲಿ ಮನುಷ್ಯರಂತೆ ಸಿಮೆಂಟೂ ಮುದುಡಿಕೊಳ್ಳುತ್ತದೆ. ಕಾಂಕ್ರೀಟ್ ಕೆಲಸದ ಮಾನದಂಡ ಐಎಸ್ 456ರಲ್ಲಿ ಇಂಥ ಸಣ್ಣ ಸ್ಲ್ಯಾಬಿನ ಕೆಳಗಿನ ಊರೆಗೋಲು ತೆಗೆಯಲು 7 ದಿನ ಅಂತ ಕೊಟ್ಟಿರುವುದು ಮಾಮೂಲಿ ಸಿಮೆಂಟಿಗೆ, ಹವೆ 15 ಡಿಗ್ರಿಗಿಂತ ಇಳಿಯದಿದ್ದರೆ. ನಮ್ಮಲ್ಲಿ ಇಳಿಯುತ್ತದೆ.

ಹಾಗಾಗಿ ಎರಡನೆಯ ಸಲ ಎರಕ ಹಾಕುವಾಗ ನಾನು ‘ಬೇಗ’ ಅನ್ನುವ ಪದವನ್ನೇ ಬಿಟ್ಟುಬಿಟ್ಟೆ. ಅದೇ ಕಾಂಕ್ರೀಟಿನಿಂದ ಹದಿನೈದು ಸೆಂಟಿಮೀಟರಿನ ಆರು ಕ್ಯೂಬ್ ಮಾಡಿಸಿ, ಸ್ಲ್ಯಾಬಿನ ಪಕ್ಕದಲ್ಲೇ ಒದ್ದೆ ಗೋಣಿ ಹೊದಿಸಿ ಇಡಿಸಿದೆ. ಸ್ಲ್ಯಾಬಿಗೆ ಬಿದ್ದ ಚಳಿ ಅವಕ್ಕೂ ಬೀಳಬೇಕು. ಚೀಟಿಯಲ್ಲಿ ಹೀಗೆ ಬರೆದೆ: ‘ಮೂರು ಕ್ಯೂಬ್ ಒತ್ತಿಸಿದಾಗ ಸರಾಸರಿ 20 ಎಂಪಿಎ ಬರುವವರೆಗೆ ಊರೆಗೋಲು ತೆಗೆಯಬಾರದು, ಗಾಡಿ ಬಿಡಬಾರದು.’ ಇದರಲ್ಲಿ ಶೀಘ್ರವೂ ಇಲ್ಲ, ತ್ವರಿತವೂ ಇಲ್ಲ. ಎಲ್ಲಿಂದ ಎಲ್ಲಿಗೆ ಅನ್ನುವುದು ಮಾತ್ರ ಇದೆ. ಮೊದಲ ಮೂರಕ್ಕೆ ಸಾಲಲಿಲ್ಲ, ಕಾದೆವು. ಎರಡನೆಯ ಮೂರಕ್ಕೆ ಬಂತು. ಮೇಸ್ತ್ರಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಸಂಘಟಕರಿಂದ ಚೀಟಿ ಬಂತು, ಇನ್ನು ಐದು ನಿಮಿಷ ಅಂತೆ. ಸರಿ, ಪ್ರಾಂಪ್ಟ್ ಬಗ್ಗೆ ಹೇಳಿಬಿಡುತ್ತೇನೆ, ಅದು ನಿಮ್ಮ ಕರಡಿನಲ್ಲೇ ಇದೆ. ‘ದೋಷ ಕಂಡರೆ ಗುತ್ತಿಗೆದಾರರು ಶೀಘ್ರ ಸರಿಪಡಿಸಬೇಕು.’ ಪ್ರಾಂಪ್ಟ್ ಹೇಳುವುದು ಕೆಲಸದ ವೇಗವನ್ನಲ್ಲ, ಶುರು ಮಾಡಲು ತಡ ಮಾಡಬೇಡ ಅಂತ. ಕೂಡಲೇ ಬಂದು ನಿಧಾನವಾಗಿ ಮಾಡಿದವನು ಪ್ರಾಂಪ್ಟ್. ತಿಂಗಳು ಬಿಟ್ಟು ಬಂದು ಒಂದೇ ದಿನದಲ್ಲಿ ಮುಗಿಸಿದವನು ರ‍್ಯಾಪಿಡ್. ನಿಮ್ಮ ವಾಕ್ಯದಲ್ಲಿ ಇಬ್ಬರೂ ನುಸುಳಿಕೊಳ್ಳುತ್ತಾರೆ. ‘ನೋಟಿಸ್ ಕೈಸೇರಿದ 48 ಗಂಟೆಯೊಳಗೆ ಶುರು ಮಾಡಿ, ಶುರುವಾದ 7 ದಿನದೊಳಗೆ ಮುಗಿಸಬೇಕು’ ಅನ್ನಿ. ದಿನ ಎಷ್ಟು ಅನ್ನುವುದು ನಿಮಗೆ ಬಿಟ್ಟದ್ದು. ಎರಡು ಗಡಿಯಾರ, ಮತ್ತೆ ಅದೇ.

ಸ್ವಿಫ್ಟ್ ಅನ್ನುವುದನ್ನು ಸಾಮಗ್ರಿಯ ಷರತ್ತಿನಲ್ಲಿ ನಾನು ಕಂಡೇ ಇಲ್ಲ. ಅದು ಹೊಳೆಗೆ, ಜಿಂಕೆಗೆ ಹೊಂದುವ ಪದ. ಇಲ್ಲಿ ಹೊರಗೆ ನಿಂತಿರುವ ಎರಡು ಕಾರುಗಳಿಗೂ.

ರಸ್ತೆ ಕೆಲಸದವರು ಹಿಂದೆ ಕೂತಿದ್ದೀರಿ, ನಿಮ್ಮ ಎಮಲ್ಷನ್, ಅಂದರೆ ನೀರಿನಲ್ಲಿ ಕದಡಿದ ಡಾಂಬರಿನ ಬಗ್ಗೆ ಜಾಸ್ತಿ ಹೇಳಲು ಸಮಯ ಇಲ್ಲ. ಡ್ರಮ್ಮಿನ ಮೇಲಿನ ಆರ್‌ಎಸ್, ಎಂಎಸ್, ಎಸ್‌ಎಸ್ ಅಂದರೆ ರ‍್ಯಾಪಿಡ್, ಮೀಡಿಯಂ, ಸ್ಲೋ. ಅಲ್ಲಿ ರ‍್ಯಾಪಿಡ್ ಅಂದರೆ ನೀರಿನಿಂದ ಡಾಂಬರು ಬೇಗ ಬೇರೆಯಾಗುವುದು, ಕಂದು ಬಣ್ಣ ಕಪ್ಪಾಗುವುದು. ಗಟ್ಟಿತನದ ಮಾತೇ ಅಲ್ಲ. ಹಳೆ ರಸ್ತೆಗೆ ಸಿಂಪಡಿಸಲು ಆರ್‌ಎಸ್ ಸರಿ. ಪುಡಿ ಜಾಸ್ತಿ ಇರುವ ಮಿಶ್ರಣಕ್ಕೆ ಅದನ್ನೇ ಹಾಕಿದರೆ ಕಲಸುವಾಗಲೇ ಒಡೆದು ಉಂಡೆ ಕಟ್ಟುತ್ತದೆ, ಅಲ್ಲಿ ‘ನಿಧಾನ’ವೇ ಬೇಕು. ಕರಡಿನ ಹನ್ನೊಂದನೇ ಪುಟದಲ್ಲಿ ಇದಕ್ಕೂ ಶೀಘ್ರ ಅಂತಲೇ ಇದೆ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ.

ಫ್ಯೂಸಿನ ‘ಬೇಗ’ದ ಬಗ್ಗೆಯೂ ಬರೆದುಕೊಂಡು ಬಂದಿದ್ದೆ. ಮೋಟಾರಿನವರು ಯಾರಾದರೂ ಇದ್ದರೆ ಊಟದ ಹೊತ್ತಿಗೆ ಸಿಗಿ. ಈ ಪುಟ ಹನ್ನೊಂದು ಯಾರಿಗೆ ಕೊಡಲಿ?