ಅವ್ವ ಊಟ ಬಿಟ್ಟಾಗ

ಕೇಳುಗರಿಗೆ ನಮಸ್ಕಾರ. ಸಿಂಧನೂರು ಕಡೆಯ ಹಳ್ಳಿಯಿಂದ ಒಬ್ಬ ಮಗ ಪತ್ರ ಬರೆದಿದ್ದಾರೆ. ಅವರ ಅವ್ವನಿಗೆ ಹೊಟ್ಟೆಯ ಕ್ಯಾನ್ಸರ್. ಅದು ಲಿವರಿಗೂ ಹರಡಿದೆ. ಇನ್ನು ಕಿಮೋ ಬೇಡ ಎಂದು ಡಾಕ್ಟರು ಮನೆಗೆ ಕಳಿಸಿದ್ದಾರೆ. ಈಗ ಅವ್ವ ದಿನವಿಡೀ ಮಲಗಿರುತ್ತಾರೆ, ಎರಡು ಚಮಚ ಗಂಜಿ ಕುಡಿದು ಮುಖ ತಿರುಗಿಸುತ್ತಾರೆ. "ಮೂಗಿನಿಂದ ನಳಿಗೆ ಹಾಕಿಸಲಾ? ಸಲಾಯಿನ್ ಹಚ್ಚಿಸಲಾ? ಉಪವಾಸ ಕೆಡವಿದ ಅಂತ ಊರು ಮಾತಾಡುತ್ತದೆ" ಎಂದು ಕೇಳಿದ್ದಾರೆ.

ತಮ್ಮಾ, ಊಟ ಬಿಟ್ಟಿದ್ದರಿಂದ ಅವ್ವ ಸೋತಿಲ್ಲ. ರೋಗ ಬಲಿತಿದ್ದರಿಂದ ಊಟ ಬಿಟ್ಟಿದ್ದಾರೆ. ಕ್ಯಾನ್ಸರ್ ಈ ಹಂತಕ್ಕೆ ಬಂದಾಗ ಮೈಯಲ್ಲಿ ಒಂದು ಬಗೆಯ ಉರಿಯೂತ ಎದ್ದಿರುತ್ತದೆ. ಅದು ಹಸಿವನ್ನು ಅಡಗಿಸುತ್ತದೆ, ಮಾಂಸಖಂಡವನ್ನು ಕರಗಿಸುತ್ತದೆ. ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ. ನಳಿಗೆಯಿಂದ ಗಂಜಿ ಇಳಿಸಿದರೂ ಇದು ಬದಲಾಗದು. ಜೊತೆಗೆ ಹೊಟ್ಟೆ ಉಬ್ಬರ, ವಾಂತಿ ಬರಬಹುದು. ವಾಂತಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ನಿದ್ದೆಗಣ್ಣಲ್ಲಿ ನಳಿಗೆ ಕೀಳುತ್ತಾರೆಂದು ಕೈ ಕಟ್ಟುವ ಪಾಡೂ ಬರುತ್ತದೆ.

ಗಂಟಲು ಅಥವಾ ಅನ್ನನಾಳದ ಗಡ್ಡೆಯವರ ಮಾತು ಬೇರೆ. ಓಡಾಡಿಕೊಂಡು, ಹಸಿವಿದ್ದೂ ನುಂಗಲು ಆಗದವರಿಗೆ ನಳಿಗೆ ನಿಜಕ್ಕೂ ನೆರವಾಗುತ್ತದೆ. ನಿಮ್ಮ ಅವ್ವನದು ಆ ಸ್ಥಿತಿ ಅಲ್ಲ.

ಸಲಾಯಿನ್ ಬಾಟಲಿಯ ಮೇಲೆ ನಮ್ಮ ಜನರಿಗೆ ಭಾರಿ ನಂಬಿಕೆ. 5 ಪರ್ಸೆಂಟ್ ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಸಣ್ಣ ಚಮಚ. ಅದು ಊಟ ಅಲ್ಲ. ಸೋತ ಮೈಯಲ್ಲಿ ಆ ನೀರು ರಕ್ತನಾಳದಲ್ಲಿ ನಿಲ್ಲದೆ ಕಾಲಿಗೆ, ಎದೆಗೆ ಇಳಿಯಬಹುದು. ಮನೆಯವರ ಮನಸ್ಸು ತಡೆಯದಿದ್ದರೆ ಡಾಕ್ಟರ ಹತ್ತಿರ ಮಾತಾಡಿ, ಒಂದೆರಡು ದಿನ ಸ್ವಲ್ಪ ಹಚ್ಚಿಸಿ ನೋಡಬಹುದು. ಕಾಲು ಬಾತರೆ, ಉಸಿರು ಗೊರಗೊರ ಎಂದರೆ ನಿಲ್ಲಿಸುತ್ತೇವೆ ಎಂದು ಮೊದಲೇ ಮಾತಾಗಿರಲಿ. ನಿಲ್ಲಿಸುವುದು ಕೊಲ್ಲುವುದಲ್ಲ.

ಈ ಹಂತದಲ್ಲಿ ಹಸಿವೆಯ ಸಂಕಟ ಕಡಿಮೆ. ಕಾಡುವುದು ಬಾಯಿ ಒಣಗುವುದು. ಅದು ಸಲಾಯಿನ್‌ನಿಂದ ಅಷ್ಟಾಗಿ ಹೋಗುವುದಿಲ್ಲ, ಬಾಯಿ ಒದ್ದೆ ಮಾಡಿದರೆ ಹೋಗುತ್ತದೆ. ಮೆತ್ತನೆ ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ತುಟಿ, ನಾಲಿಗೆ, ಒಸಡು ಒರೆಸಿ. ಎಚ್ಚರ ಇರುವಾಗ ಗಂಟೆಗೊಮ್ಮೆಯಾದರೂ ಮಾಡಿ. ತುಟಿಗೆ ತುಪ್ಪ ಸವರಿ. ನಾಲಿಗೆ ಮೇಲೆ ಬಿಳಿ ಪದರು ಕಂಡರೆ ಡಾಕ್ಟರಿಗೆ ಹೇಳಿ, ಅದಕ್ಕೆ ಔಷಧಿ ಇದೆ.

ಅವ್ವ ತಾವಾಗಿ ಕೇಳಿದರೆ ಮಜ್ಜಿಗೆ, ಚಹಾ, ಏನು ಬಯಸಿದರೂ ಕೊಡಿ. ತಲೆದಿಂಬು ಎತ್ತರಿಸಿ, ಸಣ್ಣ ಚಮಚದಲ್ಲಿ ಒಂದು ಗುಟುಕು. ನುಂಗಿದ್ದು ಕಂಡ ಮೇಲೆ ಇನ್ನೊಂದು. ಕೆಮ್ಮಿದರೆ, ದನಿ ಒದ್ದೆಯಾದಂತೆ ಕೇಳಿದರೆ ಸಾಕು ಮಾಡಿ. ಮಂಪರಿನಲ್ಲಿದ್ದಾಗ ಮಾತ್ರ ಬಾಯಿಗೆ ಏನೂ ಹಾಕಬೇಡಿ. ಬಂಧುಗಳೆಲ್ಲ ಬಂದು ಬಾಯಿಗೆ ನೀರು ಬಿಡುತ್ತೇವೆ ಎಂದರೆ, ಒದ್ದೆ ಬಟ್ಟೆಯನ್ನು ಅವರ ಕೈಗೆ ಕೊಟ್ಟು ತುಟಿಗೆ ಮುಟ್ಟಿಸಿ ಎನ್ನಿ.