ವಾಪಸ್ ಹೊರಟ ಪಾರ್ಸೆಲ್: ಯಾರನ್ನು ಹಿಡಿಯಬೇಕು?

ಕೇಳುಗರಿಗೆ ನಮಸ್ಕಾರ.

ಮೊಬೈಲಿನಲ್ಲಿ ದುಡ್ಡು ಕಟ್ಟಿ ತರಿಸಿದ ಸಾಮಾನು ನಮ್ಮ ತಾಲ್ಲೂಕಿನವರೆಗೂ ಬಂದು, ಮನೆ ಸೇರದೆ ಮಾರಿದವರ ಬಳಿಗೇ ವಾಪಸ್ ಹೋಗುವುದುಂಟು. "ವಿಳಾಸ ಪೂರ್ತಿ ಇಲ್ಲ" ಅಂತಲೋ, "ಫೋನ್ ಸಿಗಲಿಲ್ಲ" ಅಂತಲೋ ಕಾರಣ ಬರೆದಿರುತ್ತಾರೆ. ಆ ಸಾಮಾನನ್ನು, ಇಲ್ಲವೇ ಅದರ ದುಡ್ಡನ್ನು, ಮತ್ತೆ ಪಡೆಯುವುದು ಹೇಗೆ ಅನ್ನುವುದನ್ನು ಇವತ್ತು ಹೇಳುತ್ತೇನೆ.

ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿಯ ಹೈನುಗಾರರ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಅವರ ಹಾಲು ಕರೆಯುವ ಮೆಷಿನ್ನಿನ ಪಲ್ಸೇಟರ್ ಕೆಟ್ಟಿತು. ಹೊರರಾಜ್ಯದ ಒಬ್ಬ ಮಾರಾಟಗಾರರ ವೆಬ್‌ಸೈಟಿನಲ್ಲಿ ಆ ಬಿಡಿಭಾಗ ಸಿಕ್ಕಿತು. 2,400 ರೂಪಾಯಿ ಯುಪಿಐನಲ್ಲಿ ಕಟ್ಟಿದರು. ವಿಳಾಸದ ಜಾಗದಲ್ಲಿ ಹೆಸರು, ಊರು, ಚಿಕ್ಕಬಳ್ಳಾಪುರ ಜಿಲ್ಲೆ ಅಂತ ಬರೆದರು. ಪಿನ್ ಕೋಡ್ 562101 ಹಾಕಿದರು. ಜಿಲ್ಲೆ ಚಿಕ್ಕಬಳ್ಳಾಪುರ, ಅದರ ಪಿನ್ನೇ ಸರಿ ಅಲ್ವಾ ಅನ್ನುವುದು ಅವರ ಲೆಕ್ಕ.

ಎಡವಟ್ಟಾದದ್ದು ಅಲ್ಲೇ. ಪಿನ್ ಕೋಡ್ ಶುರುವಾದದ್ದು 1972ರಲ್ಲಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ, ಅಲ್ಲಿಯವರೆಗೂ ಅದೆಲ್ಲ ಕೋಲಾರ ಜಿಲ್ಲೆ. ಜಿಲ್ಲೆ ಒಡೆದರೂ ಪಿನ್‌ಗಳು ಹಳೆಯವೇ ಉಳಿದವು. ಹಾಗಾಗಿ ಚಿಂತಾಮಣಿ ಪಟ್ಟಣದ ಪಿನ್ ಇವತ್ತಿಗೂ 563125. ಕೋಲಾರದ 563101ರ ಹಾಗೆ ಐನೂರ ಅರವತ್ತಮೂರರಿಂದಲೇ ಶುರುವಾಗುತ್ತದೆ. ಶಿಡ್ಲಘಟ್ಟದ್ದು 562105. ಗೌರಿಬಿದನೂರಿನದು 561208. ಒಂದೇ ಜಿಲ್ಲೆಯೊಳಗೆ ಮೂರು ತರಹದ ಶುರು. ಕೊರಿಯರ್ ಗೋದಾಮಿನಲ್ಲಿ ಚೀಲಗಳನ್ನು ವಿಂಗಡಿಸುವುದು ಪಿನ್ ನೋಡಿ. ಊರ ಹೆಸರು ಯಾರೂ ಓದುವುದಿಲ್ಲ. ಅವರ ಪಲ್ಸೇಟರ್ ನೇರವಾಗಿ ಚಿಕ್ಕಬಳ್ಳಾಪುರದ ಶಾಖೆಗೆ ಹೋಯಿತು. ಅಲ್ಲಿನ ಹುಡುಗನಿಗೆ ಆ ಹಳ್ಳಿ ಯಾವ ದಿಕ್ಕಿಗಿದೆ ಅಂತಲೇ ಗೊತ್ತಿಲ್ಲ. ಫೋನ್ ಮಾಡಿದ. ಇವರು ತೋಟದಲ್ಲಿದ್ದರು, ಸಿಗ್ನಲ್ ಇರಲಿಲ್ಲ. "ವಿಳಾಸ ಅಪೂರ್ಣ, ಗ್ರಾಹಕರು ಸಿಗಲಿಲ್ಲ" ಅಂತ ದಾಖಲಿಸಿದ. ಮಾರನೆಯ ದಿನವೂ ಅದೇ ದಾಖಲೆ. ಆಮೇಲೆ ಪಾರ್ಸೆಲ್ ವಾಪಸ್ ಹೊರಟಿತು.

ಇಂಥ ಹೊತ್ತಿನಲ್ಲಿ ನಾವು ಮೊದಲು ನೋಡಬೇಕಾದದ್ದು ಟ್ರ್ಯಾಕಿಂಗ್. ಕೊರಿಯರ್ ಕಂಪನಿಯ ಸೈಟಿನಲ್ಲಿ ನಂಬರ್ ಹಾಕಿದರೆ ಪಾರ್ಸೆಲ್ ಯಾವ ಊರಿನಲ್ಲಿ, ಎಷ್ಟು ಗಂಟೆಗೆ ಸ್ಕ್ಯಾನ್ ಆಯಿತು ಅನ್ನುವುದು ಸಾಲಾಗಿ ಕಾಣುತ್ತದೆ. ಎಲ್ಲಕ್ಕಿಂತ ಇತ್ತೀಚಿನ ಸಾಲನ್ನು ಓದಿ. ಅಲ್ಲಿ Undelivered ಅಂತಿದ್ದು, ಊರು ನಿಮ್ಮ ಹತ್ತಿರದ್ದೇ ಆಗಿದ್ದರೆ, ಪಾರ್ಸೆಲ್ ಇನ್ನೂ ಕೈಗೆ ಸಿಗುತ್ತದೆ. RTO Initiated ಅಥವಾ RTO In Transit ಅಂತ ಬಂದಿದ್ದರೆ, ಮಾರಿದವರ ಕಡೆ ಹೊರಟಿದೆ ಅಂತ ಅರ್ಥ. RTO ಅಂದರೆ ಇಲ್ಲಿ Return to Origin, ಕಳಿಸಿದವರಿಗೇ ವಾಪಸ್. ಈ ಎರಡು ಹಂತಗಳಲ್ಲಿ ನಾವು ಹಿಡಿಯಬೇಕಾದ ಜನ ಬೇರೆ ಬೇರೆ. ತುಂಬಾ ಜನ ಇದು ತಿಳಿಯದೆ ತಪ್ಪು ಬಾಗಿಲು ತಟ್ಟುತ್ತಾ ದಿನ ಕಳೆಯುತ್ತಾರೆ.

ಮೊದಲ ಹಂತದಲ್ಲಿ ಸಮಯ ಬಹಳ ಕಡಿಮೆ. ಖಾಸಗಿ ಕೊರಿಯರ್‌ಗಳು ಸಾಮಾನ್ಯವಾಗಿ ಎರಡು ಮೂರು ಸಲ ಪ್ರಯತ್ನ ಮಾಡಿ ವಾಪಸ್ ಕಳಿಸಿಬಿಡುತ್ತವೆ. ಹಾಗಾಗಿ Undelivered ಅಂತ ಕಂಡ ದಿನವೇ ಎರಡು ಕೆಲಸ ಮಾಡಿ. ಒಂದು, ಕೊರಿಯರ್‌ನ ಸ್ಥಳೀಯ ಶಾಖೆಗೆ ಹೋಗಿ, ಇಲ್ಲವೇ ಫೋನ್ ಮಾಡಿ, ಟ್ರ್ಯಾಕಿಂಗ್ ನಂಬರ್ ಕೊಟ್ಟು ನಿಜವಾದ ವಿಳಾಸ ಹೇಳಿ. ಗುರುತಿನ ಚೀಟಿ ತೋರಿಸಿದರೆ ಅಲ್ಲೇ ಕೈಗೆ ಕೊಡುವ ಶಾಖೆಗಳೂ ಇವೆ. ಎರಡು, ಮಾರಾಟಗಾರರಿಗೂ ಆಗಲೇ ತಿಳಿಸಿ. ಅವರ ಕಂಪ್ಯೂಟರಿನಲ್ಲಿ "ಮತ್ತೆ ಪ್ರಯತ್ನಿಸಿ" ಎಂದು ಕೊರಿಯರ್‌ಗೆ ಹೇಳುವ ಅವಕಾಶ ಇರುತ್ತದೆ. ಆದರೆ ನಾವು ಹೇಳದೆ ಅವರಿಗೆ ಗೊತ್ತಾಗುವುದು ತಡ.

ಅಂಚೆಯ ಸ್ಪೀಡ್ ಪೋಸ್ಟ್ ಆಗಿದ್ದರೆ ಸ್ವಲ್ಪ ಉಸಿರಾಡಬಹುದು. ಅದರ ನಂಬರಿನಲ್ಲಿ ಹದಿಮೂರು ಅಕ್ಷರ: ಮೊದಲಿಗೆ ಎರಡು ಇಂಗ್ಲಿಷ್ ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ IN. ಬಾಗಿಲು ಹಾಕಿದ್ದರೆ ಅಂಚೆಯವರು ಚೀಟಿ ಬಿಟ್ಟು, ಸಾಮಾನ್ಯವಾಗಿ ಏಳು ದಿನ ಕಚೇರಿಯಲ್ಲಿ ಇಟ್ಟುಕೊಳ್ಳುತ್ತಾರೆ. ಪೋಸ್ಟ್ ಮಾಸ್ಟರ್ ಹತ್ತಿರ ಹೋಗಿ ಕೇಳಿ. ಬೇರೆ ಅಂಚೆ ಕಚೇರಿಗೆ ಹೋಗಿದ್ದರೆ ಅಲ್ಲಿಂದ ನಿಮ್ಮೂರಿಗೆ ತಿರುಗಿಸಿ ಕಳಿಸಲು ಬರೆದುಕೊಡಿ. ನಮ್ಮ ಹಳ್ಳಿಗಳ ಮಟ್ಟಿಗೆ, ಮಾರುವವರು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸುತ್ತೇವೆ ಅಂದರೆ ನಾನು ಅದನ್ನೇ ಆರಿಸಿಕೊಳ್ಳುತ್ತೇನೆ. ಊರಿನ ಅಂಚೆಯಣ್ಣನಿಗೆ ಮನೆ ನಂಬರ್ ಬೇಡ, ಹೆಸರು ಸಾಕು.

ಈಗ ಎರಡನೆಯ ಹಂತ. ಪಾರ್ಸೆಲ್ ಹೊರಟೇಬಿಟ್ಟಿದೆ. ನಮ್ಮ ಹೈನುಗಾರರು ಇಲ್ಲಿಯೇ ಇದ್ದರು. ದಿನವೂ ಕೊರಿಯರ್ ಸಹಾಯವಾಣಿಗೆ ಫೋನ್ ಮಾಡಿ "ಅರ್ಧ ದಾರಿಯಲ್ಲಿದೆಯಲ್ಲಾ, ತಿರುಗಿಸಿ ಕಳಿಸಿ" ಅಂತ ಬೇಡಿದರು. ಏನೂ ಆಗಲಿಲ್ಲ. ಆಗುವುದೂ ಇಲ್ಲ. ಕಾರಣ ಇಷ್ಟೇ: ಕೊರಿಯರ್ ಕಂಪನಿಗೆ ಗಿರಾಕಿ ನಾವಲ್ಲ, ಮಾರಾಟಗಾರರು. ಸಾಗಣೆ ಹಣ ಕೊಟ್ಟವರು ಅವರು, ಒಪ್ಪಂದ ಇರುವುದು ಅವರ ಜೊತೆ. ವಾಪಸ್ ಅಂತ ದಾಖಲಾದ ಮೇಲೆ ನಮ್ಮ ಮಾತಿಗೆ ಅದು ನಿಲ್ಲುವುದಿಲ್ಲ. ಆಗ ಪಾರ್ಸೆಲ್ ಹಿಂದೆ ಓಡುವುದನ್ನು ಬಿಟ್ಟು, ಮಾರಾಟಗಾರರಿಗೆ ಬರೆಯಬೇಕು.

ಬರೆಯಬೇಕು ಅಂದೆ. ಫೋನಿನಲ್ಲಿ ಮಾತಾಡಿದ್ದಕ್ಕೆ ಗುರುತು ಉಳಿಯುವುದಿಲ್ಲ. ಇಮೇಲ್ ಆದರೆ ಒಳ್ಳೆಯದು, ಇಲ್ಲವಾದರೆ ಅವರ ಸೈಟಿನ ದೂರಿನ ಪುಟದಲ್ಲೇ ಬರೆದು ದೂರಿನ ನಂಬರ್ ತೆಗೆದುಕೊಳ್ಳಿ. ಅದರಲ್ಲಿ ಆರ್ಡರ್ ನಂಬರ್, ಟ್ರ್ಯಾಕಿಂಗ್ ನಂಬರ್, ದುಡ್ಡು ಕಟ್ಟಿದ ದಿನ ಇರಲಿ. ಆಮೇಲೆ ನಿಮಗೆ ಏನು ಬೇಕು ಅನ್ನುವುದನ್ನು ಒಂದೇ ಸಾಲಿನಲ್ಲಿ ಹೇಳಿ: ಸಾಮಾನು ಮತ್ತೆ ಕಳಿಸಬೇಕೋ, ದುಡ್ಡು ವಾಪಸ್ ಬೇಕೋ. ಸುಮ್ನೆ "ಏನಾದರೂ ಮಾಡಿ" ಅಂತ ಬರೆದರೆ ಅವರು ಏನೂ ಮಾಡುವುದಿಲ್ಲ. ಮತ್ತೆ ಕಳಿಸಿ ಅನ್ನುವುದಾದರೆ, ಸರಿಪಡಿಸಿದ ವಿಳಾಸವನ್ನು ಪೂರ್ತಿಯಾಗಿ ಬರೆಯಿರಿ.

ಹಳ್ಳಿಯ ವಿಳಾಸದಲ್ಲಿ ಹೋಬಳಿಯ ಹೆಸರು ಬಿಡಬೇಡಿ. ಹೊಸಹಳ್ಳಿ ಅನ್ನುವ ಊರು ಎಷ್ಟು ಕಡೆ ಇಲ್ಲ ಹೇಳಿ? "ಹಾಲಿನ ಡೇರಿ ಪಕ್ಕ", "ಸರ್ಕಾರಿ ಶಾಲೆ ಎದುರು" ಅಂತ ಒಂದು ಗುರುತು ಇರಲಿ. ಅದನ್ನು ವಿಳಾಸದ ಮೊದಲ ಸಾಲಿನಲ್ಲೇ ಹಾಕಿ, ಯಾಕೆಂದರೆ ಲೇಬಲ್ಲಿನಲ್ಲಿ ಜಾಗ ಸಾಲದೆ ಕೊನೆಯ ಪದಗಳು ಕತ್ತರಿಸಿ ಹೋಗುತ್ತವೆ. ಎರಡು ಫೋನ್ ನಂಬರ್ ಕೊಡಿ. ಒಂದು ಹಗಲು ಹೊತ್ತು ಸಿಗ್ನಲ್ ಇರುವ ಜಾಗದಲ್ಲಿರುವವರದ್ದಾಗಿರಲಿ.

ಫೋನ್ ವಿಷಯದಲ್ಲಿ ಇನ್ನೊಂದು ಇದೆ. ಕೊರಿಯರ್ ಹುಡುಗರ ಕರೆ ಎಷ್ಟೋ ಸಲ ಅವರ ಸ್ವಂತ ನಂಬರಿನಿಂದ ಬರುವುದಿಲ್ಲ, ಕಂಪನಿಯ ಯಾವುದೋ ನಂಬರಿನಿಂದ ಬರುತ್ತದೆ. ನಾವು ಎತ್ತುವುದಿಲ್ಲ. ಕೆಲವರ ಫೋನ್ ಅಪರಿಚಿತ ಕರೆಗಳನ್ನು ತಾನಾಗಿಯೇ ಸದ್ದಿಲ್ಲದಂತೆ ಮಾಡಿರುತ್ತದೆ. ಪಾರ್ಸೆಲ್ ಬರುವ ದಿನಗಳಲ್ಲಿ ಆ ಸೆಟ್ಟಿಂಗ್ ತೆಗೆದಿಡಿ. ಇನ್ನು ಕೆಲವು ಸಲ ಕರೆಯೇ ಮಾಡದೆ "ಸಿಗಲಿಲ್ಲ" ಅಂತ ಬರೆದಿರುತ್ತಾರೆ. ಹಾಗಾಗಿದ್ದರೆ ಟ್ರ್ಯಾಕಿಂಗ್‌ನಲ್ಲಿ ತೋರಿಸಿದ ಹೊತ್ತನ್ನೂ ನಿಮ್ಮ ಫೋನಿನ ಕರೆಗಳ ಪಟ್ಟಿಯನ್ನೂ ಜೊತೆಗಿಟ್ಟು ನೋಡಿ. ಆ ದಿನ ಯಾವ ಕರೆಯೂ ಬಂದಿಲ್ಲವಾದರೆ ಎರಡರ ಸ್ಕ್ರೀನ್‌ಶಾಟ್ ತೆಗೆದು ಮಾರಾಟಗಾರರಿಗೆ ಕಳಿಸಿ.

ಆ ಸ್ಕ್ರೀನ್‌ಶಾಟ್ ಬೇಕಾಗುವುದು ಸಾಗಣೆ ಖರ್ಚಿನ ಮಾತು ಬಂದಾಗ. ಸಣ್ಣ ಮಾರಾಟಗಾರರಿಗೆ ಹೋಗಿದ್ದಕ್ಕೂ ಬಂದಿದ್ದಕ್ಕೂ ದುಡ್ಡು ಬೀಳುತ್ತದೆ. ಮತ್ತೆ ಕಳಿಸಲು ಖರ್ಚು ಕೊಡಿ ಅಂತ ಕೇಳುತ್ತಾರೆ. ನಮ್ಮ ವಿಳಾಸವೇ ತಪ್ಪಾಗಿದ್ದರೆ ಒಂದು ಸಲದ ಸಾಗಣೆ ಕೊಡುವುದು ನ್ಯಾಯ ಅಂತ ನನ್ನ ಅನಿಸಿಕೆ. ಕರೆಯೇ ಮಾಡದೆ ವಾಪಸ್ ಕಳಿಸಿದ್ದರೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ಅದನ್ನು ಅವರು ಕೊರಿಯರ್ ಕಂಪನಿಯ ಹತ್ತಿರ ಕೇಳಿಕೊಳ್ಳಲಿ.

ಹೆಚ್ಚಿನ ಮಾರಾಟಗಾರರು ಪಾರ್ಸೆಲ್ ತಮ್ಮ ಕೈಗೆ ವಾಪಸ್ ಸೇರಿದ ಮೇಲೆಯೇ ಮುಂದಿನ ಹೆಜ್ಜೆ ಇಡುತ್ತಾರೆ. ಟ್ರ್ಯಾಕಿಂಗ್‌ನಲ್ಲಿ RTO Delivered ಅಂತ ಬಂದ ದಿನವನ್ನು ಗುರುತಿಟ್ಟುಕೊಂಡು, ಅಂದೇ ಇನ್ನೊಂದು ಇಮೇಲ್ ಹಾಕಿ. ಪಾರ್ಸೆಲ್ ದಾರಿಯಲ್ಲೇ ಎಲ್ಲೋ ನಿಂತು ವಾರಗಟ್ಟಲೆ ಸ್ಕ್ಯಾನ್ ಆಗದಿದ್ದರೆ ಕಾಯುತ್ತಾ ಕೂರಬೇಡಿ. ಸಾಮಾನು ನಿಮಗೆ ತಲುಪಿಲ್ಲ, ದುಡ್ಡು ಅವರ ಬಳಿ ಇದೆ. ಕಳೆದುಹೋದದ್ದನ್ನು ಹುಡುಕುವುದು ಅವರ ಮತ್ತು ಕೊರಿಯರ್ ನಡುವಿನ ವಿಷಯ.

"ದುಡ್ಡು ಹಾಕಿದ್ದೇವೆ" ಅಂತ ಉತ್ತರ ಬಂದು, ಖಾತೆಗೆ ಬರದಿದ್ದರೆ, ಯುಟಿಆರ್ ನಂಬರ್, ಅಂದರೆ ಆ ಹಣ ವರ್ಗಾವಣೆಯ ಗುರುತಿನ ನಂಬರ್, ಕೇಳಿ. ಯುಪಿಐನಲ್ಲಿ ಅದು ಹನ್ನೆರಡು ಅಂಕಿಯದು. ಬ್ಯಾಂಕಿನವರಿಗೆ ಆ ನಂಬರ್ ಕೊಟ್ಟರೆ ದುಡ್ಡು ಎಲ್ಲಿದೆ ಅಂತ ಹುಡುಕಿ ಹೇಳುತ್ತಾರೆ.

ಉತ್ತರವೇ ಬಾರದಿದ್ದರೆ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರುವವರು ದೂರು ನೋಡಿಕೊಳ್ಳುವ ಅಧಿಕಾರಿಯೊಬ್ಬರನ್ನು ಇಟ್ಟಿರಬೇಕು. ದೂರು ಬಂತು ಅಂತ 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅದು ಮೀರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ. ನಂಬರ್ ಬರೆದುಕೊಳ್ಳಿ: ಒಂದು, ಒಂಬತ್ತು, ಒಂದು, ಐದು. 1915. ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಅರ್ಜಿ ಶುಲ್ಕ ಇಲ್ಲ.

ನಮ್ಮ ಹೈನುಗಾರರಿಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಅವರ ಮಗಳು ಇಮೇಲ್ ಬರೆದಳು. ಪಿನ್ ಬದಲಾಯಿಸಿದಳು, ಹೋಬಳಿ ಸೇರಿಸಿದಳು, ಡೇರಿ ಕಾರ್ಯದರ್ಶಿಯವರ ನಂಬರನ್ನು ಅವರನ್ನು ಕೇಳಿ ಎರಡನೆಯ ನಂಬರಾಗಿ ಕೊಟ್ಟಳು. ಸಾಗಣೆಗೆ 120 ರೂಪಾಯಿ ಕಟ್ಟಿದರು. ಕಳಿಸುವ ಮೊದಲು ಲೇಬಲ್ಲಿನ ಫೋಟೋ ಕಳಿಸಿ ಅಂತಲೂ ಕೇಳಿದಳು. ಕೇಳಿದ್ದು ಒಳ್ಳೆಯದೇ ಆಯಿತು. ಮಾರಾಟಗಾರರ ಕಂಪ್ಯೂಟರಿನಲ್ಲಿ ಹಳೆಯ ಪಿನ್ನೇ ಉಳಿದುಕೊಂಡು ಲೇಬಲ್ ಮತ್ತೆ 562101 ಅಂತ ಅಚ್ಚಾಗಿತ್ತು. ಅದನ್ನು ಬದಲಿಸಿ ಕಳಿಸಿದ ಪಾರ್ಸೆಲ್ ಈ ಸಲ ಚಿಂತಾಮಣಿ ಶಾಖೆಗೆ ಬಂದು ಡೇರಿ ಬಾಗಿಲಿಗೆ ತಲುಪಿತು.

ಕೊನೆಯದಾಗಿ ಒಂದು ಎಚ್ಚರಿಕೆ. "ವಿಳಾಸ ಅಪೂರ್ಣ, ನಿಮ್ಮ ಪಾರ್ಸೆಲ್ ವಾಪಸ್ ಹೋಗುತ್ತಿದೆ, ಈ ಲಿಂಕಿನಲ್ಲಿ ಸರಿಪಡಿಸಿ" ಅಂತ ಅಂಚೆ ಇಲಾಖೆಯ ಹೆಸರಿನಲ್ಲಿ ಕಳ್ಳ ಸಂದೇಶಗಳು ಓಡಾಡುತ್ತಿವೆ. ಆ ಲಿಂಕ್ ತೆರೆದರೆ ಕಾರ್ಡಿನ ವಿವರ ಕೇಳುತ್ತದೆ. ಇನ್ನು ಕೆಲವರು ಕೊರಿಯರ್‌ನವರ ಹಾಗೆ ಮಾತಾಡಿ, *21* ರಿಂದ ಶುರುವಾಗುವ ಒಂದು ನಂಬರ್ ಒತ್ತಲು ಹೇಳುತ್ತಾರೆ. ಒತ್ತಿದರೆ ನಿಮ್ಮ ಕರೆಗಳೆಲ್ಲ ಅವರ ಫೋನಿಗೆ ತಿರುಗುತ್ತವೆ, ಬ್ಯಾಂಕಿನ ಒಟಿಪಿ ಕರೆಯೂ ಸೇರಿ. ಯಾರಾದರೂ ಈಗಾಗಲೇ ಒತ್ತಿದ್ದರೆ, ##002# ಒತ್ತಿ ಅದನ್ನು ರದ್ದು ಮಾಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಿಮ್ಮ ಪಾರ್ಸೆಲ್ ನಿಜವಾಗಿ ಎಲ್ಲಿದೆ ಅನ್ನುವುದನ್ನು ನಿಮ್ಮ ಆರ್ಡರ್ ಪುಟದಲ್ಲಿರುವ ಟ್ರ್ಯಾಕಿಂಗ್ ನಂಬರ್ ಹಾಕಿ ನೀವೇ ನೋಡಿಕೊಳ್ಳಿ.

ನಮಸ್ಕಾರ.