ಷೇರು ಬಿಟ್ಟುಕೊಡುವ ಮುನ್ನ ಕೇಳಬೇಕಾದ ಪ್ರಶ್ನೆ

ಕೇಳುಗರಿಗೆ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆ ಸ್ವಂತ ಕಂಪನಿ ಕಟ್ಟಿ ಹೂಡಿಕೆದಾರರನ್ನು ಹುಡುಕುತ್ತಿರುವವರಿಗೆ ನಾನು ಒಂದೇ ಮಾತು ಹೇಳಬೇಕು. ಯಾರಾದರೂ ನಿಮ್ಮ ಕಂಪನಿಗೆ ಬೆಲೆ ಕಟ್ಟಿದರೆ, ಅದು ಹಣ ಬರುವ ಮೊದಲಿನ ಬೆಲೆಯೋ, ಹಣ ಸೇರಿದ ಮೇಲಿನ ಬೆಲೆಯೋ ಕೇಳಿ.

ಮೂಡಿಗೆರೆ ಕಡೆಯ ಹೆಣ್ಣುಮಗಳೊಬ್ಬಳು ಕಾಫಿ ಹುರಿದು, ಪುಡಿ ಮಾಡಿ, ಪ್ಯಾಕೆಟ್‌ನಲ್ಲಿ ಮಾರುವ ಕಂಪನಿ ಮಾಡಿದ್ದಳು. ಒಟ್ಟು 12,000 ಷೇರು, ಎಲ್ಲವೂ ಅವಳವೇ. ಹೊಸ ರೋಸ್ಟರ್ ಕೊಳ್ಳಲು ದುಡ್ಡು ಬೇಕಿತ್ತು. ಬೆಂಗಳೂರಿನ ಹೂಡಿಕೆದಾರರೊಬ್ಬರು, "ಕಂಪನಿಯ ಬೆಲೆ 2 ಕೋಟಿ, ನಾನು 50 ಲಕ್ಷ ಹಾಕುತ್ತೇನೆ" ಅಂದರು. ಅವಳು ಖುಷಿಯಾಗಿ, ಹೂಡಿಕೆಯ ಷರತ್ತುಗಳನ್ನು ಬರೆದ ಟರ್ಮ್ ಶೀಟ್ ಹಿಡಿದು ನನ್ನ ಹತ್ತಿರ ಬಂದಳು. "ಸರ್, 20 ಪರ್ಸೆಂಟ್ ಹೋಗುತ್ತೆ ಅಷ್ಟೇ" ಅಂದಳು.

"ಯಾವ 2 ಕೋಟಿ ಅಂತ ಕೇಳಿದೆಯಾ ಅಮ್ಮಾ?" ಅಂದೆ. ಕೇಳಿರಲಿಲ್ಲ.

ಇಲ್ಲಿ ಅವಳ ಷೇರನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಕಂಪನಿ ಹೊಸ ಷೇರು ಹೊರಡಿಸಿ ಹೂಡಿಕೆದಾರರಿಗೆ ಕೊಡುತ್ತದೆ, ಹಣ ಕಂಪನಿಗೆ ಬರುತ್ತದೆ. ಅವಳ 12,000 ಹಾಗೇ ಇರುತ್ತದೆ, ಒಟ್ಟು ಸಂಖ್ಯೆ ಬೆಳೆಯುತ್ತದೆ. 2 ಕೋಟಿ ಅನ್ನುವುದು ಹಣಕ್ಕೆ ಮೊದಲಿನ ಬೆಲೆಯಾದರೆ ಹೊಸ ಷೇರು 3,000. ಅವರ ಪಾಲು 20 ಪರ್ಸೆಂಟ್. ಆದರೆ ಆ 2 ಕೋಟಿಯೊಳಗೇ ಅವರ 50 ಲಕ್ಷವೂ ಸೇರಿದ್ದರೆ, ಅವಳ ಕಂಪನಿಗೆ ಕಟ್ಟಿದ್ದು ಒಂದೂವರೆ ಕೋಟಿ ಮಾತ್ರ. ಆಗ ಹೊಸ ಷೇರು 4,000, ಅವರ ಪಾಲು 25. ಟರ್ಮ್ ಶೀಟ್‌ನ ಎರಡನೇ ಪುಟದಲ್ಲಿ ಸಣ್ಣಕ್ಷರದಲ್ಲಿ 'ಪೋಸ್ಟ್-ಮನಿ' ಅಂತ ಇತ್ತು, ಅಂದರೆ ಹಣ ಸೇರಿದ ಮೇಲಿನ ಬೆಲೆ. ಹಾಗಾಗಿ ಅವರ ಪಾಲು 25.

ಐದು ಪರ್ಸೆಂಟ್ ತಾನೇ ಅನ್ನಬೇಡಿ. ಕಂಪನಿಯ ನಿಯಮಾವಳಿ ತಿದ್ದುವುದು, ಹೊರಗಿನವರಿಗೆ ಹೊಸ ಷೇರು ಕೊಡುವುದು, ಇಂಥದ್ದಕ್ಕೆ ಕಂಪನಿ ಕಾಯ್ದೆಯಲ್ಲಿ ವಿಶೇಷ ನಿರ್ಣಯ ಬೇಕು. ಪರವಾದ ಮತ ವಿರೋಧದ ಮತದ ಕನಿಷ್ಠ ಮೂರು ಪಟ್ಟು ಇರಬೇಕು. ಅವಳ ಕೈಲಿ 75, ಅವರ ಕೈಲಿ 25. ಸರಿಯಾಗಿ ಗೆರೆಯ ಮೇಲೆ! ಒಂದು ಷೇರು ಆಚೆ ಹೋದರೂ ಅವಳೊಬ್ಬಳೇ ನಿರ್ಣಯ ಮಾಡಲಾರಳು. 80 ಇದ್ದಿದ್ದರೆ ಸ್ವಲ್ಪ ಜಾಗ ಇರುತ್ತಿತ್ತು.

ಮುಂದಿನ ಸುತ್ತಿನಲ್ಲಿ ಇನ್ನೊಬ್ಬರು 20 ಪರ್ಸೆಂಟ್ ತೆಗೆದುಕೊಂಡರೆ ಅವಳ 75, 60ಕ್ಕೆ ಇಳಿಯುತ್ತದೆ. 55 ಅಲ್ಲ, ಏಕೆಂದರೆ ಮೊದಲಿನ ಹೂಡಿಕೆದಾರರ ಪಾಲೂ ಜೊತೆಗೇ ಕರಗುತ್ತದೆ. ಇದನ್ನು ಸಹಿಗೆ ಮೊದಲೇ ಕಾಗದದ ಮೇಲೆ ಬರೆದು ನೋಡಬೇಕು, ಬಾಯಿಲೆಕ್ಕ ಸಾಲದು.

ಸಮಯ ಆಗುತ್ತಾ ಬಂತು. ನೌಕರರಿಗೆಂದು ಷೇರು ತೆಗೆದಿಡಿ ಅಂತಲೂ ಕೇಳುತ್ತಾರೆ. ಅದನ್ನೂ ಹಣಕ್ಕೆ ಮೊದಲೇ ತೆಗೆದಿಟ್ಟರೆ, ಪೂರ್ತಿ ನಿಮ್ಮ ಪಾಲಿನಿಂದಲೇ ಹೋಗುತ್ತದೆ. ಆದ್ದರಿಂದ ಅಲ್ಲಿಯೂ ಅದನ್ನೇ ಕೇಳಿ: ಹಣಕ್ಕೆ ಮೊದಲೋ, ಆಮೇಲೋ? ಉತ್ತರವನ್ನು ಬರಹದಲ್ಲೇ ತೆಗೆದುಕೊಳ್ಳಿ. ನಮಸ್ಕಾರ.